ಒಂದೇ ತೂಕ, ಎರಡು ಬಿಎಂಐ: ಕಾಲಿನ ಉದ್ದದ ಲೆಕ್ಕ

ಪ್ರಶ್ನೆ: ನನಗೆ 34 ವರ್ಷ, ನನ್ನ ನಾದಿನಿಗೆ 33. ಇಬ್ಬರ ತೂಕವೂ 62 ಕಿಲೋ. ನಾನು 156 ಸೆಂ.ಮೀ. ಎತ್ತರ, ಅವಳು 163. ಆದರೆ ಪಕ್ಕಪಕ್ಕ ಕೂತರೆ ಇಬ್ಬರ ತಲೆಯೂ ಸಮಕ್ಕೆ ಬರುತ್ತದೆ. ಸ್ಟೂಲಿನ ಮೇಲೆ ಕೂತು ಅಳೆದೂ ನೋಡಿದೆವು, ಇಬ್ಬರದೂ 83.5 ಸೆಂ.ಮೀ. ಆರೋಗ್ಯ ಶಿಬಿರದಲ್ಲಿ ನನ್ನ ಬಿಎಂಐ 25.5 ಎಂದು ‘ಬೊಜ್ಜು’ ಅಂತ ಬರೆದರು, ಅವಳದು 23.3 ಎಂದು ‘ಹೆಚ್ಚು ತೂಕ’ ಅಂತಷ್ಟೇ ಬರೆದರು. ನನ್ನ ಕಾಲು ಗಿಡ್ಡ ಎನ್ನುವ ಒಂದೇ ಕಾರಣಕ್ಕೆ ನನಗೆ ಬೊಜ್ಜು ಬಂತೇ?

ಉತ್ತರ: ನಿಮ್ಮಿಬ್ಬರ ನಡುವಿನ ಅಂತರದಲ್ಲಿ ಹೆಚ್ಚಿನ ಪಾಲು ಕಾಲಿನ ಉದ್ದದಿಂದಲೇ ಬಂದದ್ದು, ಆದರೆ ಎಲ್ಲವೂ ಅಲ್ಲ. ಎಷ್ಟು ಪಾಲು ಎಂಬುದನ್ನು ನೀವು ಕಳಿಸಿರುವ ಅಳತೆಗಳಿಂದಲೇ ಲೆಕ್ಕ ಹಾಕಬಹುದು. ಕುಳಿತ ಎತ್ತರವನ್ನೂ ಅಳೆದು ಬರೆದವರು ಈ ಅಂಕಣಕ್ಕೆ ಬಹಳ ಅಪರೂಪ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಈ ಬಿಎಂಐ ಲೆಕ್ಕವನ್ನು 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟಲೆ ಕಂಡುಕೊಂಡರು. ವಯಸ್ಕರಲ್ಲಿ ತೂಕವು ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಅವರ ಗಮನಕ್ಕೆ ಬಂದ ಸಂಗತಿ. ಇಲ್ಲಿ ಎತ್ತರವೆನ್ನುವುದು ಹಿಮ್ಮಡಿಯಿಂದ ನೆತ್ತಿಯವರೆಗಿನ ಒಂದೇ ಸಂಖ್ಯೆ. ಆ ಎತ್ತರದಲ್ಲಿ ಕಾಲಿನದೆಷ್ಟು, ಮುಂಡದ್ದೆಷ್ಟು ಎಂದು ಸೂತ್ರ ಕೇಳುವುದಿಲ್ಲ. ಆದರೆ ದೇಹದ ತೂಕ ಈ ಎರಡು ಭಾಗಗಳಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಎರಡೂ ಕಾಲುಗಳನ್ನು ಸೇರಿಸಿದರೆ ದೇಹದ ತೂಕದ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ, ಅಂದಾಜು ಶೇ 32. ಉಳಿದ ಶೇ 68 ತಲೆ, ತೋಳು ಮತ್ತು ಮುಂಡದಲ್ಲಿದೆ. ಎತ್ತರದ ವಿಷಯಕ್ಕೆ ಬಂದರೆ ಕಾಲುಗಳ ಪಾಲು ಸುಮಾರು ಅರ್ಧ.

ಇದನ್ನು ನಿಮ್ಮ ದೇಹಕ್ಕೇ ಅನ್ವಯಿಸಿ ನೋಡೋಣ. ನಿಮ್ಮ ಕುಳಿತ ಎತ್ತರ 83.5, ನಿಂತ ಎತ್ತರ 156, ಹಾಗಾಗಿ ಕಾಲಿನ ಉದ್ದ 72.5 ಸೆಂ.ಮೀ. ಕಾಲುಗಳ ತೂಕ ಸುಮಾರು 20 ಕಿಲೋ ಎಂದಿಟ್ಟುಕೊಂಡರೆ ಅಲ್ಲಿನ ಪ್ರತಿ ಸೆಂಟಿಮೀಟರ್ ಎತ್ತರಕ್ಕೆ 270ರಿಂದ 280 ಗ್ರಾಂ ಬೀಳುತ್ತದೆ. ಸೊಂಟದಿಂದ ಮೇಲೆ 83.5 ಸೆಂಟಿಮೀಟರಿನಲ್ಲಿ 42 ಕಿಲೋ ಇದೆ, ಅಂದರೆ ಪ್ರತಿ ಸೆಂಟಿಮೀಟರಿಗೆ 500 ಗ್ರಾಂ. ಮುಂಡದ ಒಂದು ಸೆಂಟಿಮೀಟರ್ ಕಾಲಿನ ಒಂದು ಸೆಂಟಿಮೀಟರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಭಾರ. ಎತ್ತರವನ್ನು ಹೆಚ್ಚಾಗಿ ಕಾಲಿನಿಂದ ಪಡೆದವರಿಗೆ ಆ ಎತ್ತರ ಕಡಿಮೆ ತೂಕದಲ್ಲಿ ದಕ್ಕಿರುತ್ತದೆ, ಆದರೆ ಬಿಎಂಐ ಸೂತ್ರ ಆ ಎತ್ತರವನ್ನು ಪೂರ್ತಿಯಾಗಿ ಎಣಿಸಿ, ವರ್ಗ ಮಾಡಿ ಭಾಗಿಸುತ್ತದೆ. ಉದ್ದ ಕಾಲಿನವರ ಬಿಎಂಐ ಕಡಿಮೆ ಬರುವುದಕ್ಕೂ ಗಿಡ್ಡ ಕಾಲಿನವರದು ಹೆಚ್ಚು ಬರುವುದಕ್ಕೂ ಇದೇ ಕಾರಣ.

ಈಗ ನಿಮ್ಮ ದೇಹವನ್ನು ಸೊಂಟದ ಮೇಲೆ ಇದ್ದಂತೆಯೇ ಇಟ್ಟು, ಕಾಲುಗಳನ್ನು ಮಾತ್ರ 7 ಸೆಂ.ಮೀ. ಉದ್ದ ಮಾಡಿದೆವು ಎಂದು ಕಲ್ಪಿಸಿಕೊಳ್ಳಿ. ಮೈಯಲ್ಲಿ ಒಂದು ಚೂರೂ ಕೊಬ್ಬು ಕರಗಿಲ್ಲ, ಹೊಟ್ಟೆ ಇದ್ದಷ್ಟೇ ಇದೆ. ಹೊಸದಾಗಿ ಸೇರಿದ 7 ಸೆಂಟಿಮೀಟರಿನ ತೂಕ ಸುಮಾರು 1.9 ಕಿಲೋ. ನಿಮ್ಮ ತೂಕ 63.9 ಕಿಲೋ ಆಗುತ್ತದೆ, ಎತ್ತರ 163 ಆಗುತ್ತದೆ, ಬಿಎಂಐ ಮಾತ್ರ 25.5ರಿಂದ 24.1ಕ್ಕೆ ಇಳಿಯುತ್ತದೆ. ನಿಮ್ಮ ಮತ್ತು ನಿಮ್ಮ ನಾದಿನಿಯ ನಡುವೆ ಇರುವ ಸುಮಾರು 2.1ರ ಅಂತರದಲ್ಲಿ 1.4ರಷ್ಟು ಹೀಗೆ ಬರೀ ಕಾಲಿನ ಉದ್ದದಿಂದ ಹುಟ್ಟಿದ್ದು. ಉಳಿದ 0.7ರಷ್ಟು ನಿಜವಾದ ವ್ಯತ್ಯಾಸ: ಉದ್ದ ಕಾಲುಗಳಿದ್ದೂ ಅವರ ತೂಕ ನಿಮ್ಮಷ್ಟೇ ಇದೆ ಎಂದರೆ, ದೇಹದ ಬೇರೆ ಕಡೆ ಅವರಲ್ಲಿ ನಿಮಗಿಂತ ಸುಮಾರು ಎರಡು ಕಿಲೋ ಕಡಿಮೆ ಇದೆ ಎಂದೇ ಅರ್ಥ. ಆ ಎರಡು ಕಿಲೋ ಕೊಬ್ಬೋ, ಸ್ನಾಯುವೋ, ಅಗಲವಾದ ಎಲುಬಿನ ಗೂಡೋ ಎಂಬುದನ್ನು ಈ ಲೆಕ್ಕ ಹೇಳಲಾರದು.

ಕುಳಿತ ಎತ್ತರವನ್ನು ನಿಂತ ಎತ್ತರದಿಂದ ಭಾಗಿಸಿದಾಗ ಬರುವ ಅನುಪಾತಕ್ಕೆ, ಮನುಷ್ಯದೇಹದ ಅಳತೆಗಳ ಶಾಸ್ತ್ರವಾದ ಮಾನವಮಿತಿಯಲ್ಲಿ, ಕೋರ್ಮಿಕ್ ಸೂಚ್ಯಂಕ ಎಂಬ ಹೆಸರಿದೆ. ನಿಮ್ಮದು 0.535, ನಿಮ್ಮ ನಾದಿನಿಯದು 0.512. ಈ ಅನುಪಾತ ಜನಾಂಗದಿಂದ ಜನಾಂಗಕ್ಕೆ ಗಣನೀಯವಾಗಿ ಬೇರೆಯಾಗುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಅದರ ಸರಾಸರಿ 0.50ಕ್ಕಿಂತ ಕೆಳಗಿದೆ, ಏಕೆಂದರೆ ಅವರ ಕಾಲುಗಳು ಮುಂಡಕ್ಕೆ ಹೋಲಿಸಿದರೆ ಬಹಳ ಉದ್ದ. ಪೂರ್ವ ಏಷ್ಯಾದವರಲ್ಲಿ ಅದು 0.54ರ ಆಸುಪಾಸಿಗೆ ಬರುತ್ತದೆ. ಇಂಗ್ಲೆಂಡಿನ ಎನ್. ಜಿ. ನಾರ್ಗನ್ ಎಂಬ ವಿಜ್ಞಾನಿ 1994ರಲ್ಲಿ ಜಗತ್ತಿನ ಅನೇಕ ಜನಸಮುದಾಯಗಳ ಸರಾಸರಿಗಳನ್ನು ಒಂದೆಡೆ ಇಟ್ಟು ನೋಡಿದಾಗ, ಅನುಪಾತ 0.01ರಷ್ಟು ಏರಿದರೆ ಸರಾಸರಿ ಬಿಎಂಐ ಸುಮಾರು 0.9ರಷ್ಟು ಏರುತ್ತದೆ ಎಂದು ಕಂಡುಬಂತು. ಇದು ಕೇವಲ ಕುತೂಹಲದ ಸಂಗತಿಯಾಗಿ ಉಳಿಯಲಿಲ್ಲ. ದಕ್ಷಿಣ ಸೂಡಾನಿನ ಡಿಂಕಾ ಜನರಂಥ ನೀಳಕಾಲಿನವರ ನಡುವೆ ಬರಗಾಲದ ಶಿಬಿರ ಹಾಕಿದಾಗ, 18.5ಕ್ಕಿಂತ ಕಡಿಮೆ ಬಿಎಂಐ ಇದ್ದವರೆಲ್ಲ ಹಸಿದವರು ಎಂದು ಎಣಿಸಿದರೆ ಆರೋಗ್ಯವಾಗಿದ್ದವರೂ ಆ ಪಟ್ಟಿಯಲ್ಲಿ ಸೇರಿಬಿಡುತ್ತಾರೆ. ಅನುಪಾತ 0.49 ಇರುವ ವ್ಯಕ್ತಿಯ ಬಿಎಂಐ 17 ಬಂದರೆ, ಅನುಪಾತ 0.52 ಇರುವವರ ಲೆಕ್ಕದಲ್ಲಿ ಅದು 19.7ಕ್ಕೆ ಸಮ. ಎಲ್ಲರಿಗೂ ಸಾಕಾಗುವಷ್ಟು ಆಹಾರವಿಲ್ಲದ ಕಡೆ ಯಾರಿಗೆ ಮೊದಲು ಕೊಡಬೇಕು ಎಂಬ ನಿರ್ಧಾರ ಈ ಸಂಖ್ಯೆಗಳ ಮೇಲೆ ನಿಂತಿರುತ್ತದೆ.

ನಾರ್ಗನ್ ಅವರ ಅಂಕಿಯನ್ನು ಬಳಸಿ ಯಾರ ಬಿಎಂಐಯನ್ನಾದರೂ 0.52 ಅನುಪಾತಕ್ಕೆ ತಂದು ಹೋಲಿಸುವ ರೂಢಿ ಇದೆ. ಅನುಪಾತವನ್ನು ಶೇಕಡಾದಲ್ಲಿ ಬರೆದುಕೊಂಡರೆ ಲೆಕ್ಕ ಸರಳ:

ಸರಿಪಡಿಸಿದ ಬಿಎಂಐ = ಬಿಎಂಐ − 0.9 × (ಅನುಪಾತ − 52)

ನಿಮ್ಮ ಅನುಪಾತ 53.5, ಆದ್ದರಿಂದ 25.5ರಲ್ಲಿ 1.4 ಕಳೆದು 24.1 ಬರುತ್ತದೆ. ನಿಮ್ಮ ನಾದಿನಿಯ ಅನುಪಾತ 51.2, ಅವರ 23.3ಕ್ಕೆ 0.7 ಕೂಡಿಸಿದರೆ 24.0. ಶಿಬಿರದ ಚೀಟಿಯಲ್ಲಿ ಎರಡು ಬೇರೆ ಬೇರೆ ಹೆಸರು ಪಡೆದ ನೀವಿಬ್ಬರೂ ಒಂದೇ ಜಾಗಕ್ಕೆ ಬಂದು ನಿಂತಿರಿ. ಬಹಳ ಸಮಾಧಾನ ಕೊಡುವ ಉತ್ತರವಿದು. ಆದರೆ ಇಲ್ಲಿಯೇ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಮೊದಲನೆಯದಾಗಿ, 0.9 ಎಂಬ ಅಂಕಿ ಸಮುದಾಯಗಳ ಸರಾಸರಿಗಳಿಂದ ಬಂದದ್ದು. ಒಂದೇ ಸಮುದಾಯದ ಒಳಗೆ ವ್ಯಕ್ತಿಯಿಂದ ವ್ಯಕ್ತಿಗೆ ಈ ಸಂಬಂಧ ಅಷ್ಟು ಬಿಗಿಯಾಗಿಲ್ಲ. 2000ದ ಸುಮಾರಿಗೆ ತುರ್ತು ಪರಿಸ್ಥಿತಿಗಳ ಪೋಷಣಾ ತಜ್ಞರು ಗಂಡಸರಿಗೆ ಮತ್ತು ಹೆಂಗಸರಿಗೆ ಬೇರೆ ಬೇರೆ ಅಂಕಿಗಳನ್ನು ಮುಂದಿಟ್ಟರು: ಅನುಪಾತ ಶೇ 1ರಷ್ಟು ಬದಲಾದರೆ ಗಂಡಸರಲ್ಲಿ 0.78, ಹೆಂಗಸರಲ್ಲಿ 1.19. ಹೆಂಗಸರ ಈ ಅಂಕಿಯಲ್ಲಿ ನಿಮ್ಮ ಲೆಕ್ಕ ಮಾಡಿದರೆ ನಿಮಗೆ 23.7, ನಿಮ್ಮ ನಾದಿನಿಗೆ 24.3 ಬರುತ್ತದೆ, ಅಂದರೆ ಈಗ ಅವರೇ ನಿಮಗಿಂತ ಮೇಲೆ. ಅಂಕಿ ಬದಲಾದ ಮಾತ್ರಕ್ಕೆ ಯಾರು ಮುಂದೆ ಯಾರು ಹಿಂದೆ ಎಂಬುದೇ ತಿರುಗಿಬಿಟ್ಟಿತು. ನಾವು ಮೇಲೆ ಮಾಡಿದ ತೂಕದ ಲೆಕ್ಕವನ್ನು ಇದೇ ಬಗೆಯಲ್ಲಿ ಹೇಳಿದರೆ ಶೇ 1ಕ್ಕೆ 0.6ರಷ್ಟು ಮಾತ್ರ ಬರುತ್ತದೆ. ಸಮುದಾಯಗಳ ನಡುವಿನ ಅಂಕಿ ಅದಕ್ಕಿಂತ ದೊಡ್ಡದಾಗಿರುವುದು ನನಗೆ ಅಚ್ಚರಿಯಲ್ಲ. ಗಿಡ್ಡ ಕಾಲಿನ ಸಮುದಾಯಗಳಲ್ಲಿ ಮುಂಡವೂ ಅಗಲವಾಗಿರುವುದು ಸಾಮಾನ್ಯ, ಮತ್ತು ಆ ಅಗಲದ ಪ್ರಭಾವವೂ ಅದೇ ಅಂಕಿಯೊಳಗೆ ಸೇರಿಕೊಂಡಿರುತ್ತದೆ. ಹೀಗಾಗಿ ನಿಮ್ಮ ಬಿಎಂಐಯಲ್ಲಿ ಕಾಲಿನ ಪಾಲು ಒಂದರಿಂದ ಎರಡರವರೆಗೆ ಇರಬಹುದು ಎಂದಷ್ಟೇ ಹೇಳುತ್ತೇನೆ. ದಶಮಾಂಶದವರೆಗೆ ಹೇಳುವುದು ಪ್ರಾಮಾಣಿಕತೆಯಲ್ಲ.

ಎರಡನೆಯದು ಅಳತೆಯ ಮಾತು. ಕುಳಿತ ಎತ್ತರದಲ್ಲಿ 1 ಸೆಂ.ಮೀ. ತಪ್ಪಿದರೆ ನಿಮ್ಮ ಎತ್ತರಕ್ಕೆ ಅನುಪಾತ ಶೇ 0.64ರಷ್ಟು ಬದಲಾಗಿ, ಸರಿಪಡಿಸಿದ ಬಿಎಂಐ ಸುಮಾರು 0.6ರಷ್ಟು ಆಚೀಚೆ ಹೋಗುತ್ತದೆ. ಮನೆಯಲ್ಲಿ 1 ಸೆಂ.ಮೀ. ತಪ್ಪುವುದು ಬಹಳ ಸುಲಭ. ಮೆತ್ತೆಯಿಲ್ಲದ, ಅಲುಗಾಡದ ಗಟ್ಟಿ ಸ್ಟೂಲನ್ನು ಗೋಡೆಗೆ ತಾಗಿಸಿಟ್ಟು, ಬೆನ್ನಿನ ಕೆಳಭಾಗ ಗೋಡೆಗೆ ಮುಟ್ಟುವಂತೆ ಹಿಂದಕ್ಕೆ ಸರಿದು ಕೂರಬೇಕು. ತೊಡೆ ನೆಲಕ್ಕೆ ಸಮಾನಾಂತರವಾಗಿರಲಿ, ಪಾದ ಜೋತಾಡುತ್ತಿದ್ದರೆ ಕೆಳಗೆ ಏನಾದರೂ ಇಡಿ, ಕೈಗಳು ತೊಡೆಯ ಮೇಲಿರಲಿ. ಕಿವಿಯ ತೂತು ಮತ್ತು ಕಣ್ಣಿನ ಕೆಳಗಿನ ಎಲುಬಿನ ಅಂಚು ಒಂದೇ ಮಟ್ಟಕ್ಕೆ ಬರುವಂತೆ ನೇರ ಮುಂದಕ್ಕೆ ನೋಡಿ, ಉಸಿರನ್ನು ತುಂಬ ಎಳೆದುಕೊಂಡು ಬೆನ್ನು ನೆಟ್ಟಗೆ ಮಾಡಿದ ಕ್ಷಣದಲ್ಲಿ ಇನ್ನೊಬ್ಬರು ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಲಂಬಕೋನದಲ್ಲಿ ಒತ್ತಿ ಗುರುತು ಹಾಕಬೇಕು. ನೆಲದಿಂದ ಆ ಗುರುತಿನವರೆಗಿನ ಅಳತೆಯಲ್ಲಿ ಸ್ಟೂಲಿನ ಎತ್ತರವನ್ನು ಕಳೆದದ್ದೇ ಕುಳಿತ ಎತ್ತರ. ತುರುಬು ಕಟ್ಟಿಕೊಂಡಿದ್ದರೆ ಬಿಚ್ಚಿ. ನಿಂತ ಎತ್ತರವನ್ನೂ ಅದೇ ಹೊತ್ತಿನಲ್ಲಿ ಅಳೆಯಿರಿ, ಏಕೆಂದರೆ ಬೆಳಿಗ್ಗೆಯಿಂದ ಸಂಜೆಯೊಳಗೆ ಬೆನ್ನುಮೂಳೆಯ ನಡುವಿನ ಮೆತ್ತನೆಯ ಬಿಲ್ಲೆಗಳು ಒತ್ತಿಹೋಗಿ ಎತ್ತರ ಒಂದು ಸೆಂಟಿಮೀಟರಿನಷ್ಟು ಕುಗ್ಗುತ್ತದೆ, ಮತ್ತು ಈ ಕುಗ್ಗುವಿಕೆ ಬಹುತೇಕ ಕುಳಿತ ಎತ್ತರದಲ್ಲೇ ಆಗುತ್ತದೆ. ಮೂರು ಸಲ ಎದ್ದು ಕೂತು ಅಳೆದು, ಮೂರೂ ಅರ್ಧ ಸೆಂಟಿಮೀಟರಿನೊಳಗೆ ಹೊಂದಿದರೆ ಮಾತ್ರ ಅಳತೆಯನ್ನು ನಂಬಬಹುದು.

ಎಷ್ಟೇ ಎಚ್ಚರಿಕೆಯಿಂದ ಅಳೆದರೂ ನಿವಾರಿಸಲಾಗದ ಒಂದು ದೋಷ ಉಳಿಯುತ್ತದೆ. ಕೂತಾಗ ಸ್ಟೂಲಿಗೂ ಎಲುಬಿಗೂ ನಡುವೆ ಪೃಷ್ಠದ ಕೊಬ್ಬು ಮತ್ತು ಸ್ನಾಯು ಇರುತ್ತದೆ. ಅದು ದಪ್ಪವಿದ್ದಷ್ಟೂ ದೇಹ ಮೇಲೇಳುತ್ತದೆ, ಕುಳಿತ ಎತ್ತರ ಹೆಚ್ಚು ಕಾಣುತ್ತದೆ, ನಿಂತ ಎತ್ತರದಿಂದ ಅದನ್ನು ಕಳೆದಾಗ ಕಾಲು ಇರುವುದಕ್ಕಿಂತ ಗಿಡ್ಡವಾಗಿ ಲೆಕ್ಕಕ್ಕೆ ಬರುತ್ತದೆ. ಮಾನವಶಾಸ್ತ್ರಜ್ಞರಾದ ಬ್ಯಾರಿ ಬೋಗಿನ್ ಮತ್ತು ಇನೆಶ್ ವರೇಲಾ-ಸಿಲ್ವಾ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯಲ್ಲಿ ಈ ದೋಷವನ್ನು ತೋರಿಸಿಕೊಟ್ಟಿದ್ದಾರೆ. ಇದರ ಪರಿಣಾಮ ಏನೆಂದು ಯೋಚಿಸಿ: ಕೊಬ್ಬು ಹೆಚ್ಚಾದವರ ಅನುಪಾತ ಆ ಕೊಬ್ಬಿನಿಂದಲೇ ಏರುತ್ತದೆ, ಆಮೇಲೆ ಆ ಏರಿದ ಅನುಪಾತದ ಆಧಾರದ ಮೇಲೆ ಸೂತ್ರ ಅವರ ಬಿಎಂಐಯನ್ನು ಇಳಿಸುತ್ತದೆ. ಕೊಬ್ಬು ತನ್ನನ್ನು ತಾನೇ ಮರೆಮಾಚಿದಂತಾಯಿತು. ನಿಮ್ಮ ಮತ್ತು ನಾದಿನಿಯ 83.5 ನಿಜಕ್ಕೂ ಸಮವೇ ಎಂದು ಖಚಿತವಾಗಿ ಹೇಳಲು ನನಗೆ ಹಿಂಜರಿಕೆ ಇರುವುದು ಇದರಿಂದಲೇ.

ಇದೇ ಲೆಕ್ಕವನ್ನು ಮನೆಯ ಹಿರಿಯರಿಗೂ ಮಾಡಿನೋಡುವ ಆಸೆ ನಿಮಗೆ ಹುಟ್ಟಬಹುದು. ದಯವಿಟ್ಟು ಬೇಡ. ವಯಸ್ಸಾದಂತೆ ಕುಗ್ಗುವುದು ಬೆನ್ನುಮೂಳೆ, ಕಾಲಲ್ಲ. 160 ಸೆಂ.ಮೀ. ಎತ್ತರ, 84 ಸೆಂ.ಮೀ. ಕುಳಿತ ಎತ್ತರ, 56 ಕಿಲೋ ತೂಕ ಇದ್ದ ಹೆಂಗಸೊಬ್ಬರ ಬಿಎಂಐ 21.9. ಎಪ್ಪತ್ತರ ವಯಸ್ಸಿಗೆ ಬೆನ್ನು 5 ಸೆಂ.ಮೀ. ಕುಗ್ಗಿತು, ತೂಕ ಹಾಗೆಯೇ ಉಳಿಯಿತು ಎನ್ನೋಣ. ಈಗ ಬಿಎಂಐ 23.3, ಅನುಪಾತ 52.5ರಿಂದ 51.0ಕ್ಕೆ ಇಳಿದಿದೆ. ಸೂತ್ರ ಇವರನ್ನು ಉದ್ದ ಕಾಲಿನವರೆಂದು ತಪ್ಪಾಗಿ ತಿಳಿದು ಇನ್ನೂ 0.9 ಕೂಡಿಸಿ 24.2 ಎನ್ನುತ್ತದೆ. ಮೊದಲೇ ಹುಸಿಯಾಗಿ ಏರಿದ್ದ ಸಂಖ್ಯೆಯನ್ನು ತಿದ್ದುಪಡಿ ಮತ್ತಷ್ಟು ಏರಿಸಿತು. ಬೆನ್ನು ಬಾಗಿದವರಿಗೆ, ಬೆನ್ನುಮೂಳೆಯ ಮುರಿತ ಆದವರಿಗೆ ಈ ಅನುಪಾತ ಹೊಂದುವುದಿಲ್ಲ.

ಒಂದೇ ತೂಕ ಮಾತ್ರವಲ್ಲ, ಒಂದೇ ಎತ್ತರವೂ ಇರುವವರಲ್ಲಿ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. 170 ಸೆಂ.ಮೀ., 68 ಕಿಲೋ ಇರುವ ಇಬ್ಬರು ಗಂಡಸರ ಬಿಎಂಐ ಎರಡೂ 23.5. ಒಬ್ಬರ ಕುಳಿತ ಎತ್ತರ 86, ಇನ್ನೊಬ್ಬರದು 92 ಎಂದಿಟ್ಟುಕೊಳ್ಳಿ. ಮೊದಲನೆಯವರ ದೇಹದಲ್ಲಿ ಭಾರದ ಮುಂಡ ಗಿಡ್ಡ, ಹಗುರದ ಕಾಲು ಉದ್ದ, ಆದರೂ ತೂಕ 68 ಮುಟ್ಟಿದೆ ಎಂದರೆ ಎಲ್ಲೋ ಹೆಚ್ಚಿನ ಕೊಬ್ಬೋ ಸ್ನಾಯುವೋ ತುಂಬಿಕೊಂಡಿರಲೇಬೇಕು. ಗಂಡಸರ 0.78ರ ಅಂಕಿಯಲ್ಲಿ ಇವರದು 24.6, ಎರಡನೆಯವರದು 21.9. ನಿಮ್ಮ ಪ್ರಕರಣದಲ್ಲಿ ಬಿಎಂಐ ಬೇರೆ ಬೇರೆ ಇದ್ದು ದೇಹಸ್ಥಿತಿ ಹೆಚ್ಚುಕಡಿಮೆ ಒಂದೇ ಇತ್ತು. ಇವರಲ್ಲಿ ಬಿಎಂಐ ಒಂದೇ ಇದ್ದು ದೇಹಸ್ಥಿತಿ ಬೇರೆಯಾಗಿದೆ. ನನ್ನ ಅನುಭವದಲ್ಲಿ ಹೆಚ್ಚು ಅಪಾಯದ್ದು ಈ ಎರಡನೆಯ ಬಗೆ, ಏಕೆಂದರೆ ‘ಪರವಾಗಿಲ್ಲ’ ಎಂದು ಕೇಳಿಸಿಕೊಂಡ ನೀಳಕಾಲಿನವರು ಮತ್ತೆ ಪರೀಕ್ಷೆಗೆ ಬರುವುದೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಿಮಗೆ ಹಿತವೆನಿಸದ ಒಂದು ಮಾತನ್ನೂ ಹೇಳಬೇಕಾಗಿದೆ. ಕಾಲಿನ ಉದ್ದ ಕೇವಲ ತಂದೆತಾಯಿಯಿಂದ ಬಂದ ಬಳುವಳಿಯಲ್ಲ. ಹುಟ್ಟಿದ ಮಗುವಿನಲ್ಲಿ ಈ ಅನುಪಾತ 0.66ರ ಮೇಲಿರುತ್ತದೆ, ಅಂದರೆ ಕಾಲು ಬಹಳ ಗಿಡ್ಡ. ಅಲ್ಲಿಂದ ಹರೆಯದವರೆಗೆ ಕಾಲುಗಳು ಮುಂಡಕ್ಕಿಂತ ಬೇಗ ಬೆಳೆಯುತ್ತವೆ, ಹರೆಯ ಬಂದ ಮೇಲೆ ಮುಂಡದ ಬೆಳವಣಿಗೆ ಮುಂದಾಗುತ್ತದೆ. ಹಾಗಾಗಿ ಎಳೆಯ ವಯಸ್ಸಿನಲ್ಲಿ ಆಹಾರ ಸಾಲದಿದ್ದರೆ ಅಥವಾ ಮೇಲಿಂದ ಮೇಲೆ ಕಾಯಿಲೆ ಬಿದ್ದರೆ ಪೆಟ್ಟು ಹೆಚ್ಚಾಗಿ ಕಾಲಿಗೆ ಬೀಳುತ್ತದೆ. ಜಪಾನಿನಲ್ಲಿ 1957ರಿಂದ 1977ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಜೀವನಮಟ್ಟ ಸುಧಾರಿಸಿದಂತೆ ಜನರ ಎತ್ತರ ಏರಿತು, ಮತ್ತು ಆ ಏರಿಕೆ ಬಹುಮಟ್ಟಿಗೆ ಕಾಲಿನದೇ ಆಗಿತ್ತು. ಎತ್ತರಕ್ಕೆ ಹೋಲಿಸಿದರೆ ಕಾಲು ಗಿಡ್ಡವಿರುವ ವಯಸ್ಕರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದೂ ಎರಡನೆಯ ಬಗೆಯ ಮಧುಮೇಹವೂ ಸ್ವಲ್ಪ ಹೆಚ್ಚು ಎಂದು ಅಮೆರಿಕ ಮತ್ತು ಬ್ರಿಟನ್ನಿನ ಅಧ್ಯಯನಗಳಲ್ಲಿ ಕಂಡುಬಂದಿದೆ. ನಿಮ್ಮ ಕಾಲು ನಿಮ್ಮ ಬಿಎಂಐಯನ್ನು ಹುಸಿಯಾಗಿ ಏರಿಸಿದ್ದು ನಿಜ. ಆದರೆ ಅದನ್ನು ತಿದ್ದಿ 24ಕ್ಕೆ ಇಳಿಸಿದ ಮಾತ್ರಕ್ಕೆ ಸಕ್ಕರೆ ಕಾಯಿಲೆಯ ಸಾಧ್ಯತೆಯೂ ಅಷ್ಟೇ ಇಳಿಯಿತು ಎಂದು ಭಾವಿಸಬೇಡಿ. ರಕ್ತದ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ.

ಶಿಬಿರದವರು ಬಳಸಿದ 23 ಮತ್ತು 25ರ ಗೆರೆಗಳ ಬಗ್ಗೆಯೂ ಒಂದು ಮಾತು. ಪಾಶ್ಚಾತ್ಯರಿಗೆ 25 ಮತ್ತು 30 ಇರುವ ಕಡೆ ಭಾರತೀಯರಿಗೆ ಕೆಳಗಿನ ಗೆರೆ ಎಳೆದದ್ದು, ನಮ್ಮಲ್ಲಿ ಅದೇ ಬಿಎಂಐಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ, ಮತ್ತು ಮಧುಮೇಹ ಬೇಗ ಬರುತ್ತದೆ ಎಂಬ ಕಾರಣಕ್ಕೆ. ಆ ಗೆರೆಗಳನ್ನು ನಿಗದಿ ಮಾಡುವಾಗ ಯಾರ ಬಿಎಂಐಯನ್ನೂ ಕಾಲಿನ ಉದ್ದಕ್ಕೆ ಸರಿಪಡಿಸಿರಲಿಲ್ಲ. ಸರಿಪಡಿಸಿದ ಸಂಖ್ಯೆಯನ್ನು ಸರಿಪಡಿಸದ ಗೆರೆಯ ಪಕ್ಕಕ್ಕಿಟ್ಟು ‘ನನಗೆ ಬೊಜ್ಜಿಲ್ಲ’ ಎಂದು ತೀರ್ಮಾನಿಸುವುದು ಎರಡು ಬೇರೆ ಅಳತೆಗೋಲುಗಳನ್ನು ಬೆರೆಸಿದಂತೆ. ನಿಮ್ಮಿಬ್ಬರನ್ನು ಒಬ್ಬರಿಗೊಬ್ಬರು ಹೋಲಿಸಿಕೊಳ್ಳಲು ತಿದ್ದುಪಡಿ ಸಹಾಯ ಮಾಡುತ್ತದೆ. ಚೀಟಿಯ ಮೇಲಿನ ಹೆಸರನ್ನು ಬದಲಿಸಲು ಅದನ್ನು ಬಳಸಬಾರದು.

ನಿಮಗೆ ನಿಜಕ್ಕೂ ಬೇಕಾಗಿರುವುದು ಕಾಲಿನ ಉದ್ದ ಎಲ್ಲಿಯೂ ನುಸುಳದ ಅಳತೆ, ಅದು ಸೊಂಟದ ಸುತ್ತಳತೆ. ಪಕ್ಕೆಲುಬಿನ ಕೊನೆಯ ಅಂಚಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಬಟ್ಟೆ ಸರಿಸಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ ಅಳೆಯಿರಿ. ಭಾರತೀಯ ಹೆಂಗಸರಿಗೆ ಎಚ್ಚರಿಕೆಯ ಗೆರೆ 80 ಸೆಂ.ಮೀ., ಗಂಡಸರಿಗೆ 90. ಸೊಂಟದ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಎಂಬ ಇನ್ನೊಂದು ಜನಪ್ರಿಯ ಸೂತ್ರವನ್ನು ನೀವು ಕೇಳಿರಬಹುದು. ಅದು ನೆನಪಿಡಲು ಸುಲಭ, ಆದರೆ ನಿಮ್ಮಂಥವರಲ್ಲಿ ಅದೇ ಹಳೆಯ ತೊಡಕನ್ನು ಮತ್ತೆ ತರುತ್ತದೆ. ನಿಮ್ಮಿಬ್ಬರ ಸೊಂಟವೂ ಸರಿಯಾಗಿ 80 ಎಂದು ಭಾವಿಸಿದರೆ, ನಿಮ್ಮ 156ಕ್ಕೆ ಅದು 0.51 ಆಗಿ ಗೆರೆ ದಾಟುತ್ತದೆ, ಅವರ 163ಕ್ಕೆ 0.49 ಆಗಿ ಒಳಗೇ ಉಳಿಯುತ್ತದೆ. ಹೊಟ್ಟೆ ಅದೇ, ಮುಂಡ ಅದೇ, ವ್ಯತ್ಯಾಸ ಮತ್ತೆ ಕಾಲಿನದು. ಆದ್ದರಿಂದ ನೀವಿಬ್ಬರೂ ಸೊಂಟದ ಅಳತೆಯನ್ನು ಯಾವುದರಿಂದಲೂ ಭಾಗಿಸದೆ ನೇರವಾಗಿ 80ಕ್ಕೆ ಹೋಲಿಸಿ, ಅದಕ್ಕಿಂತ ಹೆಚ್ಚು ಬಂದವರು, ಅವರು ನಾದಿನಿಯೇ ಆಗಿದ್ದರೂ ಸರಿ, ಚೀಟಿಯಲ್ಲಿ ಏನೇ ಬರೆದಿರಲಿ, ಮೊದಲು ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.